ದರ ಏರುವಾಗ ಕೊಬ್ಬರಿ ದಾಸ್ತಾನು: ಫಿಫೊ ಲಾಭಕ್ಕೂ ಸರಾಸರಿ ಲಾಭಕ್ಕೂ 30,000 ರೂಪಾಯಿ ವ್ಯತ್ಯಾಸ ಏಕೆ?

ತಿಪಟೂರು ವರ್ತಕ: ನಮ್ಮದು ಕೊಬ್ಬರಿ ವ್ಯಾಪಾರ. ಅಂಕಿಗಳನ್ನು ದುಂಡಗೆ ಮಾಡಿ ಹೇಳುವುದಾದರೆ, ಈ ವರ್ಷ ಹತ್ತು ಹತ್ತು ಕ್ವಿಂಟಲ್‌ನಂತೆ ಮೂರು ಸಲ ಖರೀದಿಸಿದೆ. ದರ 12,000, ಆಮೇಲೆ 15,000, ಕೊನೆಗೆ 18,000. ಅದರಲ್ಲಿ 20 ಕ್ವಿಂಟಲ್‌ ಅನ್ನು 20,000 ರೂಪಾಯಿಯಂತೆ ಮಾರಿದ್ದೇನೆ, 10 ಕ್ವಿಂಟಲ್ ಗೋದಾಮಿನಲ್ಲಿದೆ. ನಾನು ಫಿಫೊ, ಅಂದರೆ ಮೊದಲು ಬಂದ ಮಾಲು ಮೊದಲು ಹೋಯಿತೆಂದು ಹಿಡಿದು ಮಾಡಿದ ಲೆಕ್ಕದಲ್ಲಿ ಲಾಭ 1,30,000 ಬಂದರೆ, ನಮ್ಮ ಲೆಕ್ಕದವರ ಸರಾಸರಿಯಲ್ಲಿ 1,00,000 ಬಂದಿದೆ. ಖರೀದಿ, ಮಾರಾಟ, ಉಳಿಕೆಯ ತೂಕ ಎಲ್ಲವೂ ತಾಳೆಯಾಗಿರುವಾಗ 30,000 ಎಲ್ಲಿ ಹೋಯಿತು?

ಮಂಡಿ ಗುಮಾಸ್ತ: ಸರಾಸರಿಯನ್ನೇ ಇಟ್ಟುಕೊಳ್ಳಿ ಸ್ವಾಮಿ. ಲಾಭ ಕಡಿಮೆ ಕಾಣುವುದರಿಂದ ಅಷ್ಟರ ಮೇಲಿನ ತೆರಿಗೆ ಉಳಿದಂತೆಯೇ.

ತುಮಕೂರು ಲೆಕ್ಕಿಗ: ಅದು ಎಲ್ಲಿಗೂ ಹೋಗಿಲ್ಲ, ಗೋದಾಮಿನ ಬೆಲೆಯಲ್ಲಿದೆ. ಫಿಫೊದಲ್ಲಿ ಅಗ್ಗದ ಮಾಲು ಮೊದಲು ಖರ್ಚಾಗಿ 18,000ದ ಮಾಲು ಉಳಿಯುವುದರಿಂದ ಉಳಿಕೆ 1,80,000 ಆಗುತ್ತದೆ. ಸರಾಸರಿಯಲ್ಲಿ ಅದೇ ಮಾಲು 15,000ದಂತೆ 1,50,000. ಈ ಉಳಿಕೆಯೇ ಮುಂದಿನ ವರ್ಷದ ಆರಂಭದ ದಾಸ್ತಾನಾಗುವುದರಿಂದ, ಅದು ಮಾರಾಟವಾದಾಗ ಸರಾಸರಿಯ ಲೆಕ್ಕದಲ್ಲಿ ಲಾಭ 30,000 ಹೆಚ್ಚು ಬರುತ್ತದೆ. ಹಾಗಾಗಿ ಗುಮಾಸ್ತರು ಹೇಳಿದ ತೆರಿಗೆ ಉಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಅಷ್ಟೆ. ದರ ಏರುತ್ತಲೇ ಇದ್ದು ಗೋದಾಮು ಖಾಲಿಯಾಗದಿದ್ದರೆ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ ಹೋಗಬಹುದು.

ಇನ್ನೊಂದು ವಿಷಯ: ಮೂರನೆಯ ಲೋಡು ಬರುವ ಮೊದಲೇ 20 ಕ್ವಿಂಟಲ್ ಹೋಗಿದ್ದರೆ, ಪ್ರತಿ ಖರೀದಿಯ ನಂತರ ಸರಾಸರಿ ತೆಗೆಯುವ ಲೆಕ್ಕದಲ್ಲಿಯೂ ಲಾಭ 1,30,000ವೇ ಬರುತ್ತಿತ್ತು. ನಿಮ್ಮವರು ವರ್ಷದ 30 ಕ್ವಿಂಟಲ್‌ಗೂ ಸೇರಿಸಿ ಒಂದೇ ಸರಾಸರಿ ಹಾಕಿದ್ದಾರೆ. ಮಾರಾಟ ಯಾವಾಗ ಆಯಿತು?

ಶಿಡ್ಲಘಟ್ಟ ರೀಲರ್: ನಮ್ಮ ರೇಷ್ಮೆಗೂಡಿನಲ್ಲಿ ಒಂದೊಂದು ಲಾಟಿನ ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಬೇಕಾಗುವ ಗೂಡಿನ ತೂಕ, ಒಂದೊಂದು ರೀತಿ. ಮಿಶ್ರತಳಿ, ದ್ವಿತಳಿ ಗೂಡುಗಳನ್ನು ಒಟ್ಟುಗೂಡಿಸಿ ಸರಾಸರಿ ಹಾಕಬಹುದೇ?

ತುಮಕೂರು ಲೆಕ್ಕಿಗ: ತಳಿವಾರು ಬೇರೆ ಬೇರೆ ಇಡಿ, ಒಟ್ಟುಗೂಡಿಸಬೇಡಿ. ಒಂದೇ ತಳಿಯ ಲಾಟುಗಳನ್ನೂ ಬೇರ್ಪಡಿಸಬೇಕೇ ಎಂಬುದನ್ನು ನಿಮ್ಮ ಪುಸ್ತಕ ನೋಡದೆ ಹೇಳಲಾರೆ.

ತಿಪಟೂರು ವರ್ತಕ: ಹತ್ತು ಕ್ವಿಂಟಲ್ ಮೂರನೆಯ ಲೋಡಿಗೆ ಮೊದಲು, ಹತ್ತು ನಂತರ.

ತುಮಕೂರು ಲೆಕ್ಕಿಗ: ಹಾಗಾದರೆ ಮೊದಲ ಮಾರಾಟದ ಅಸಲು 13,500ರ ಸರಾಸರಿಯಲ್ಲಿ 1,35,000. ಉಳಿದ ಹತ್ತಕ್ಕೆ ಹೊಸ ಹತ್ತು ಸೇರಿದಾಗ ಸರಾಸರಿ 15,750 ಆಗಿ, ಎರಡನೆಯ ಮಾರಾಟದ ಅಸಲು 1,57,500. ಲಾಭ 1,07,500, ಅಂದರೆ ಮೂರನೆಯ ಉತ್ತರ! ಆಡಿಟ್‌ಗೆ ಒಳಪಡುವವರಿಗೆ ಅನ್ವಯಿಸುವ ಆದಾಯ ತೆರಿಗೆಯ ದಾಸ್ತಾನು ಮಾನದಂಡವು ಫಿಫೊ, ತೂಕದ ಸರಾಸರಿ ಎರಡನ್ನೂ ಒಪ್ಪುತ್ತದೆ, ಆದರೆ ಒಮ್ಮೆ ಹಿಡಿದ ಕ್ರಮವನ್ನು ಸಕಾರಣವಿಲ್ಲದೆ ಬದಲಿಸುವಂತಿಲ್ಲ. ಕಳೆದ ವರ್ಷದ ಉಳಿಕೆಯನ್ನು ಯಾವ ಕ್ರಮದಲ್ಲಿ ಕಟ್ಟಿದ್ದರೆಂದು ನೋಡಿ ತಿಳಿಸಿ.