5 ಬರಬೇಕಾದ ಕಡೆ 0: ಪೋಸ್ಟ್‌ಫಿಕ್ಸ್ ಟ್ರೀ ಎಲ್ಲಿ ಕೈಕೊಟ್ಟಿತು?

ಪ್ರಶ್ನೆ: ಪೋಸ್ಟ್‌ಫಿಕ್ಸ್‌ನಿಂದ ಎಕ್ಸ್‌ಪ್ರೆಶನ್ ಟ್ರೀ ಕಟ್ಟಿ ಲೆಕ್ಕ ಮಾಡುವ ಸಿ ಪ್ರೋಗ್ರಾಂ ಬರೆದಿದ್ದೇನೆ. `2 3 + 4 *` ಕೊಟ್ಟರೆ ಸರಿಯಾಗಿ 20 ಬರುತ್ತದೆ. `20 5 - 3 /` ಕೊಟ್ಟರೆ ಮಾತ್ರ 5ರ ಬದಲು 0. `eval` ಹತ್ತು ಸಲ ನೋಡಿದೆ, ತಪ್ಪು ಕಾಣುತ್ತಿಲ್ಲ. ಆಪರೇಟರ್ ಬಂದಾಗ ಹೀಗೆ ಮಾಡುತ್ತೇನೆ:

```c
n->left = pop();
n->right = pop();
push(n);
```

ಸಹಪಾಠಿ: ಇಂಟ್ ಭಾಗಾಕಾರ ಅಲ್ವಾ, ದಶಮಾಂಶ ಬಿದ್ದುಹೋಗಿದೆ. `double` ಹಾಕು.

ಕೇಳಿದವರು: ಹಾಕಿದೆ. ಈಗ -0.2 ಬರುತ್ತಿದೆ!

ಲ್ಯಾಬ್ ಮೇಡಂ: ದಶಮಾಂಶ ಬಿದ್ದದ್ದು ನಿಜ, ಆದರೆ ರೋಗ ಅದಲ್ಲ. -0.2 ಅಂದರೆ 3 ಭಾಗಿಸು -15. ನಿಮ್ಮ ಟ್ರೀ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿದೆ. 20 ಮೊದಲು ಸ್ಟ್ಯಾಕಿಗೆ ಹೋಯಿತು, 5 ಅದರ ಮೇಲೆ ಕೂತಿತು. `-` ಬಂದಾಗ ಮೊದಲು ಕೈಗೆ ಸಿಗುವುದು 5, ಅದು ಬಲಗಡೆಯ ಮಗು. ಆಮೇಲೆ ಸಿಗುವ 20 ಎಡಗಡೆಯದು. ಹಾಗಾಗಿ ಮೊದಲ ಎರಡು ಸಾಲು ಅದಲು ಬದಲು ಮಾಡಿ:

```c
n->right = pop();
n->left = pop();
```

ಈಗ `/` ಬೇರು, ಅದರ ಎಡಕ್ಕೆ `-` ಮತ್ತು ಬಲಕ್ಕೆ 3. `eval` ಮೊದಲು ಎಡಕ್ಕಿಳಿದು 20, 5 ನೋಡಿ 15 ತರುತ್ತದೆ, ಆಮೇಲೆ ಬಲದ 3, ಕೊನೆಗೆ ಭಾಗಾಕಾರ, 5. ಕೂಡುವುದಕ್ಕೂ ಗುಣಿಸುವುದಕ್ಕೂ ಎಡಬಲದ ಹಂಗಿಲ್ಲ, ಅದಕ್ಕೇ ನಿಮ್ಮ ಮೊದಲ ಉದಾಹರಣೆ ಸುಮ್ನೆ ಪಾಸಾಯಿತು. ಇನ್ನು ಮೇಲೆ ಟೆಸ್ಟ್ ಮಾಡುವಾಗ ಟ್ರೀಯನ್ನೇ ಪೋಸ್ಟ್‌ಆರ್ಡರ್‌ನಲ್ಲಿ ಪ್ರಿಂಟ್ ಮಾಡಿ, ಕೊಟ್ಟ ಸಾಲೇ ವಾಪಸ್ ಬರಬೇಕು. ನಿಮ್ಮ ಹಳೆಯ ಕೋಡ್ `3 5 20 - /` ಅಂತ ತೋರಿಸುತ್ತಿತ್ತು.

ಮತ್ತೊಬ್ಬರು: ಮೇಡಂ, ನಾನು ಬಲ-ಎಡ ಸರಿಯಾಗಿಯೇ ಬರೆದಿದ್ದೇನೆ, ಇದೇ ಸಾಲಿಗೆ -1 ಬರುತ್ತಿದೆ. ಕಂಪೈಲರ್ ತೊಂದರೆನಾ?

ಲ್ಯಾಬ್ ಮೇಡಂ: ಪಾಪ ಕಂಪೈಲರ್ ಏನು ಮಾಡಿತು! ನೀವು ಒಂದೊಂದೇ ಅಕ್ಷರ ಓದುತ್ತಿದ್ದೀರಿ ಅನಿಸುತ್ತದೆ. 20 ಒಡೆದು 2 ಮತ್ತು 0 ಆಯಿತು. 0ರಿಂದ 5 ಕಳೆದರೆ -5, ಅದನ್ನು 3ರಿಂದ ಭಾಗಿಸಿದರೆ ಇಂಟ್‌ನಲ್ಲಿ -1. ಆ 2 ಯಾರಿಗೂ ಬೇಡವಾಗಿ ಸ್ಟ್ಯಾಕಿನ ತಳದಲ್ಲೇ ಉಳಿದಿರುತ್ತದೆ. ಸಾಲು ಮುಗಿದಾಗ ಸ್ಟ್ಯಾಕಿನಲ್ಲಿ ಒಂದೇ ನೋಡ್ ಇರಬೇಕು, ಜಾಸ್ತಿ ಇದ್ದರೆ ಉತ್ತರ ಪ್ರಿಂಟ್ ಮಾಡದೆ ತಪ್ಪು ಅಂತ ಹೇಳಿಸಿ. `strtok`ನಿಂದ ಸ್ಪೇಸ್ ಇದ್ದಲ್ಲಿ ಒಡೆದು ಓದಿ.

ಮತ್ತೊಬ್ಬರು: ಹೌದು, `str[i]` ಇದೆ 😅

ಸಹಪಾಠಿ: ಉತ್ತರ ಸ್ಟ್ಯಾಕಿನಲ್ಲೇ ಸಿಗುತ್ತಲ್ಲ, ಟ್ರೀ ಯಾಕೆ ಮತ್ತೆ?

ಲ್ಯಾಬ್ ಮೇಡಂ: ಒಂದೇ ಸಲದ ಲೆಕ್ಕಕ್ಕೆ ಬೇಡವೇ ಬೇಡ. ಅದೇ ಸೂತ್ರಕ್ಕೆ `x` ಬದಲಿಸುತ್ತಾ ನೂರು ಸಲ ಲೆಕ್ಕ ಹಾಕಬೇಕು, ಇಲ್ಲವೇ ಆವರಣ ಹಾಕಿ ಇನ್‌ಫಿಕ್ಸ್ ತೋರಿಸಬೇಕು ಅಂದಾಗ ಟ್ರೀ ಬೇಕು.

ಸಹಪಾಠಿ: ನೂರು ಸಲಕ್ಕೂ ಪೋಸ್ಟ್‌ಫಿಕ್ಸ್ ಅರೇಯನ್ನೇ ಮತ್ತೆ ಮತ್ತೆ ಓದಿದರೆ ಸಾಕು ಅಂತಲೇ ನನ್ನ ವಾದ. ಇನ್‌ಫಿಕ್ಸ್ ವಿಷಯ ಒಪ್ಪಿದೆ.