ಡ್ಯೂಟಿ ಸೊನ್ನೆ ಕೊಟ್ಟರೂ ಎಲ್‌ಇಡಿ ಪೂರ್ತಿ ಆರುತ್ತಿಲ್ಲ, ಯಾಕೆ?

ಹೊಸಬ_ಚೇತು
ಎಫ್‌ಪಿಜಿಎ ಬೋರ್ಡಿನಲ್ಲಿ ಪಿಡಬ್ಲ್ಯುಎಂ ಮಾಡಿದ್ದೇನೆ. ಕ್ಲಾಕ್ 12 ಮೆಗಾಹರ್ಟ್ಸ್, 8 ಬಿಟ್ ಕೌಂಟರ್ ತನ್ನ ಪಾಡಿಗೆ ಸುತ್ತುತ್ತದೆ. `duty` ಸೊನ್ನೆ ಇದ್ದಾಗಲೂ ಕತ್ತಲಲ್ಲಿ ನೋಡಿದರೆ ಎಲ್‌ಇಡಿ ಮಂದವಾಗಿ ಉರಿಯುತ್ತಿದೆ.

```
always @(posedge clk) begin
  cnt <= cnt + 1;
  led <= (cnt <= duty);
end
```

ಬೆಸುಗೆ_ಭಟ್ಟ
ಇದು ಕಂಪ್ಯಾರೇಟರ್ ಗ್ಲಿಚ್. ಕೌಂಟರ್ 127ರಿಂದ 128ಕ್ಕೆ ಹೋಗುವಾಗ ಎಂಟೂ ಬಿಟ್ ಬದಲಾಗುತ್ತವೆ, ಆದರೆ ಒಂದೇ ಕ್ಷಣದಲ್ಲಿ ಅಲ್ಲ. ಆ ನಡುವೆ ಕಂಪ್ಯಾರೇಟರ್ ತಪ್ಪು ಉತ್ತರ ಕೊಡುತ್ತದೆ. ನಾನು 74HC393 ಮತ್ತು ಎರಡು 74HC85 ಹಾಕಿ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದಾಗ ಸ್ಕೋಪಿನಲ್ಲಿ ಸೂಜಿಯಂಥ ಪಲ್ಸ್‌ಗಳು ಕಂಡಿದ್ದವು. ಔಟ್‌ಪುಟ್‌ಗೆ ಒಂದು ಫ್ಲಿಪ್‌ಫ್ಲಾಪ್ ಹಾಕಿ.

ವೀಣಾ_ಆರ್‌ಟಿಎಲ್
ಭಟ್ರೇ, ನಿಮ್ಮ ಸರ್ಕ್ಯೂಟಿಗೆ ಅದು ನಿಜ. 393 ರಿಪಲ್ ಕೌಂಟರ್, ಒಂದೊಂದೇ ಬಿಟ್ ತಿರುಗುತ್ತದೆ. ಆದರೆ ಚೇತು ಅವರ `led` ಆಗಲೇ ಕ್ಲಾಕಿನ ಬ್ಲಾಕ್ ಒಳಗಿದೆ, ಅಂದರೆ ಫ್ಲಿಪ್‌ಫ್ಲಾಪ್ ಇದೆ. ಕಂಪ್ಯಾರೇಟರ್ ಒಳಗಿನ ಗಲಾಟೆ ಹೊರಗೆ ಬರುವುದಿಲ್ಲ.

ತೊಂದರೆ ಹೋಲಿಕೆಯಲ್ಲೇ ಇದೆ. ಡ್ಯೂಟಿ ಸೊನ್ನೆ ಇದ್ದಾಗ `cnt <= duty` ಯಾವಾಗ ನಿಜ? ಕೌಂಟರ್ ಸೊನ್ನೆಯಲ್ಲಿದ್ದಾಗ. ಹಾಗಾಗಿ 256 ಕ್ಲಾಕಿಗೆ ಒಂದು ಕ್ಲಾಕ್ ಎಲ್‌ಇಡಿ ಉರಿಯುತ್ತದೆ. ಸುಮಾರು 83 ನ್ಯಾನೋಸೆಕೆಂಡ್, ಸೆಕೆಂಡಿಗೆ 46,875 ಸಲ. ಸರಾಸರಿ 0.4% ಅಷ್ಟೇ, ಆದರೆ ಕತ್ತಲಿಗೆ ಒಗ್ಗಿದ ಕಣ್ಣಿಗೆ ಅಷ್ಟು ಸಾಕು.

ಜುಗಾಡು
ಹಾಗಾದ್ರೆ `<` ಹಾಕಿದ್ರೆ ಮುಗೀತು. ಇದಕ್ಕೆಲ್ಲ ಇಷ್ಟುದ್ದ ಬರೀಬೇಕಾ?

ವೀಣಾ_ಆರ್‌ಟಿಎಲ್
ಸೊನ್ನೆ ಸರಿ ಹೋಗುತ್ತದೆ, ಆ ಕಡೆ ತುದಿ ಕೈಬಿಡುತ್ತದೆ. ಈಗ 255 ಕೊಟ್ಟರೆ 256ರಲ್ಲಿ 255 ಮಾತ್ರ. ಪ್ರತಿ ಸುತ್ತಿಗೂ ಒಂದು ಕ್ಲಾಕ್ ಆಫ್. ಎಲ್‌ಇಡಿಯಲ್ಲಿ ಯಾರಿಗೂ ಗೊತ್ತಾಗದು. ಮಾಸ್‌ಫೆಟ್ ಓಡಿಸುತ್ತಿದ್ದರೆ ಪೂರ್ತಿ ಆನ್ ಅಂದುಕೊಂಡದ್ದು ಸುಮ್ನೆ ಸ್ವಿಚ್ ಆಗುತ್ತಾ ಬಿಸಿಯಾಗುತ್ತದೆ.

ಎಂಟು ಬಿಟ್ ಡ್ಯೂಟಿಗೆ 256 ಬೆಲೆಗಳಿವೆ. ಆದರೆ ಸೊನ್ನೆಯಿಂದ ಪೂರ್ತಿಯವರೆಗೆ 256 ಕ್ಲಾಕಿನ ಸುತ್ತಿಗೆ 257 ಮಟ್ಟ ಬೇಕು. ಆದ್ದರಿಂದ ಸುತ್ತನ್ನೇ ಒಂದು ಕ್ಲಾಕ್ ಕಡಿಮೆ ಮಾಡಿ:

```
cnt <= (cnt == 8'd254) ? 8'd0 : cnt + 8'd1;
led <= (cnt < duty);
```

ಈಗ ಕೌಂಟರ್ 255 ಮುಟ್ಟುವುದೇ ಇಲ್ಲ. ಡ್ಯೂಟಿ 0 ಕೊಟ್ಟರೆ ಪೂರ್ತಿ ಆಫ್, 255 ಕೊಟ್ಟರೆ ಪೂರ್ತಿ ಆನ್. ಆವರ್ತನ ಸುಮಾರು 47.06 ಕಿಲೋಹರ್ಟ್ಸ್‌ಗೆ ಏರುತ್ತದೆ, ಅಷ್ಟೇ.

ಬೆಸುಗೆ_ಭಟ್ಟ
ಆಗ ಕೌಂಟರ್ ತನ್ನ ಪಾಡಿಗೆ ಸುತ್ತಿದ ಹಾಗಾಗಲಿಲ್ಲ ಅಲ್ವಾ? ಅದೇ ಕೌಂಟರಿನಿಂದ ಬೇರೆ ಟೈಮಿಂಗ್ ತೆಗೆಯುತ್ತಿದ್ದರೆ ಎಲ್ಲ ಹಾಳು. ಡ್ಯೂಟಿ ರಿಜಿಸ್ಟರನ್ನೇ 9 ಬಿಟ್ ಮಾಡಿ, 256 ಅಂದರೆ ಪೂರ್ತಿ ಆನ್. ಕೌಂಟರ್ ಮುಟ್ಟಬೇಡಿ.

ಶಿವು_ಸ್ಟ್ರಿಪ್‌ಲೈಟ್
ನಂದೂ ಇದೇ ತರಹ ಇದೆ, ಸ್ವಲ್ಪ ನೋಡಿ ಸರ್. ಮನೆಯ ಎಲ್‌ಇಡಿ ಸ್ಟ್ರಿಪ್‌ಗೆ ಮಾಡಿದ್ದು, 183 ಹರ್ಟ್ಸ್. ನಾಬ್ ತಿರುಗಿಸುವಾಗ ಪಟ್ ಅಂತ ಮಿಂಚುತ್ತದೆ. ನಾನು `cnt == 0` ಆದಾಗ ಆನ್, `cnt == duty` ಆದಾಗ ಆಫ್ ಮಾಡುತ್ತೇನೆ.

ವೀಣಾ_ಆರ್‌ಟಿಎಲ್
ನಾನು ಮೇಡಂ. :) ಇದು ಬೇರೆಯೇ ರೋಗ. ಬೆಳಕು ಕಡಿಮೆ ಮಾಡುವಾಗ ಮಾತ್ರ ಮಿಂಚುತ್ತದಾ, ಜಾಸ್ತಿ ಮಾಡುವಾಗಲೂನಾ?

ಶಿವು_ಸ್ಟ್ರಿಪ್‌ಲೈಟ್
ಕ್ಷಮಿಸಿ ಮೇಡಂ. ಕಡಿಮೆ ಮಾಡುವಾಗ ಮಾತ್ರ!

ವೀಣಾ_ಆರ್‌ಟಿಎಲ್
ಹಾಗಾದರೆ ಇದೇ. ಡ್ಯೂಟಿ 200 ಇತ್ತು ಅಂದುಕೊಳ್ಳಿ. ಕೌಂಟರ್ 150ರಲ್ಲಿ ಇರುವಾಗ ನೀವು 80 ಬರೆದಿರಿ. ಕೌಂಟರ್ 80ನ್ನು ದಾಟಿ ಆಗಿದೆ, 200 ಈಗ ಲೆಕ್ಕಕ್ಕಿಲ್ಲ. ಆಫ್ ಮಾಡುವ ಕ್ಷಣ ಆ ಸುತ್ತಿನಲ್ಲಿ ಬರುವುದೇ ಇಲ್ಲ. 5.5 ಮಿಲಿಸೆಕೆಂಡಿನ ಇಡೀ ಸುತ್ತು ಲೈಟ್ ಪೂರ್ತಿ ಉರಿಯುತ್ತದೆ. ನಾಬ್ ತಿರುಗುತ್ತಲೇ ಇದ್ದರೆ ಹೀಗೆ ಮತ್ತೆ ಮತ್ತೆ.

ಚೇತು ಅವರ ಹಾಗೆ ಹೆಚ್ಚೋ ಕಡಿಮೆಯೋ ಎಂದು ನೋಡುವ ಕಂಪ್ಯಾರೇಟರ್ ಇದ್ದರೆ 150ರಲ್ಲೇ ಆಫ್ ಆಗುತ್ತಿತ್ತು. ಆ ಒಂದು ಸುತ್ತಿನ ಆನ್ ಸಮಯ ಯಾವಾಗಲೂ ಹಳೆ ಡ್ಯೂಟಿ ಮತ್ತು ಹೊಸ ಡ್ಯೂಟಿಯ ನಡುವೆಯೇ ಇರುತ್ತದೆ. ನೀವು ಅದನ್ನೇ ಹಾಕಿ.

ಬೆಸುಗೆ_ಭಟ್ಟ
ಹಾಗಾದರೆ ಡ್ಯೂಟಿಗೆ ಇನ್ನೊಂದು ರಿಜಿಸ್ಟರ್ ಇಟ್ಟು, ಸುತ್ತಿನ ಕೊನೆಯಲ್ಲಿ ಮಾತ್ರ ಲೋಡ್ ಮಾಡುವುದು ವ್ಯರ್ಥವೇ? ATmega328P ಕೂಡ ಪಿಡಬ್ಲ್ಯುಎಂ ಮೋಡಿನಲ್ಲಿ ಹಾಗೇ ಮಾಡುತ್ತದಲ್ಲ.

ವೀಣಾ_ಆರ್‌ಟಿಎಲ್
ಲೈಟಿಗೆ ಬೇಡ ಅಂತೀನಿ. ಮೋಟರ್‌ಗೆ ಬೇಕು. ಡ್ಯೂಟಿ ಏರಿಸುವಾಗ ಒಂದೇ ಸುತ್ತಿನಲ್ಲಿ ಎರಡು ಪಲ್ಸ್ ಬರಬಹುದು: 80ಕ್ಕೆ ಆಫ್ ಆಗಿದ್ದು, 100ರಲ್ಲಿ ನೀವು 200 ಬರೆದ ತಕ್ಷಣ ಮತ್ತೆ ಆನ್. ಇನ್ನು 16 ಬಿಟ್ ಡ್ಯೂಟಿಯನ್ನು ಎರಡು ಬೈಟಾಗಿ ಬರೆಯುತ್ತಿದ್ದರೆ ಬೇಕೇ ಬೇಕು. `00FF`ನಿಂದ `0100`ಗೆ ಹೋಗುವಾಗ ಮೇಲಿನ ಬೈಟ್ ಮೊದಲು ಬಂದರೆ ನಡುವೆ `01FF` ಆಗುತ್ತದೆ, ಸುಮಾರು ಎರಡು ಪಟ್ಟು.

ಬೆಸುಗೆ_ಭಟ್ಟ
ಎಂಟು ಫ್ಲಿಪ್‌ಫ್ಲಾಪ್ ಉಳಿಸಿ ಏನು ಮಾಡ್ತೀರಿ? ಲೈಟಿಗೂ ಹಾಕಿ ಬಿಡಿ.

ಹೊಸಬ_ಚೇತು
254ರದ್ದು ಹಾಕಿದೆ, ಈಗ ಪೂರ್ತಿ ಆರುತ್ತಿದೆ. ಆದರೆ ನನಗೆ ಇದೇ ಕೌಂಟರಿನಿಂದ ಯುಎಆರ್‌ಟಿ ಟಿಕ್ ಕೂಡ ಬೇಕಿತ್ತು. ಭಟ್ಟರ 9 ಬಿಟ್ ದಾರಿ ಹಿಡಿಯಲಾ, ಇಲ್ಲ ಬೇರೆ ಕೌಂಟರ್ ಇಡಲಾ?

ಜುಗಾಡು
ಬೇರೆ ಕೌಂಟರ್ ಇಡು ಗುರು.

ಬೆಸುಗೆ_ಭಟ್ಟ
9 ಬಿಟ್.