ಪದಚರ್ಚೆ: ಫೋಟೊ 'ಕತ್ತರಿಸು', ದರದ 'ಸಾಲು ಹೊಂದಿಸು'

ಬಳ್ಳಾರಿಯಿಂದ:
ಜೀನ್ಸ್ ಘಟಕವೊಂದರ ಕ್ಯಾಟಲಾಗ್ ಪುಟಕ್ಕೆ ಫೋಟೊ, ದರ ಕಳಿಸುವವರು ಓದಿಕೊಳ್ಳಲು ಕನ್ನಡದಲ್ಲಿ ಸೂಚನೆ ಬರೆಯುತ್ತಿದ್ದೇನೆ. 'ಒಂದೇ ಅಳತೆಗೆ ಕತ್ತರಿಸಿ' ಅಂದರೆ ಇಲ್ಲಿ ತೊಡಕು. ಕಟಿಂಗ್ ಟೇಬಲ್ಲಿನವರಿಗೆ ಕತ್ತರಿಸುವುದೆಂದರೆ ಬಟ್ಟೆಯೇ. 'ಬಾಟಮ್ ಕತ್ತರಿಸಬೇಡಿ' ಅಂತ ಬರೆದರಂತೂ ಹೊಲಿಗೆಯ ಸೂಚನೆಯೇ ಆಗಿಬಿಡುತ್ತದೆ. ಬೇರೆ ಮಾತು ಯಾವುದು? ದರಗಳನ್ನು ನೇರವಾಗಿ ಕೂರಿಸುವುದಕ್ಕೆ 'ಸಾಲು ಹೊಂದಿಸು' ಸಾಕೇ?

ರಾಯಚೂರಿನಿಂದ:
'ಕ್ರಾಪ್ ಮಾಡಿ' ಅನ್ನಿ ಸರ್, ಎಲ್ಲರಿಗೂ ಗೊತ್ತು. ದರಕ್ಕೆ 'ಬಲಕ್ಕೆ ಸರಿಸಿ' ಅಂದರೆ ಮುಗೀತು, ಅಂಕಿಗಳು ತಾವೇ ನೇರ ನಿಲ್ಲುತ್ತವೆ.

ಗಂಗಾವತಿಯಿಂದ:
'ಕ್ರಾಪ್' ಸರಿ. ಆದರೆ ಏನು ತೆಗೆಯಬೇಕು ಅನ್ನುವುದಕ್ಕಿಂತ ಏನು ಉಳಿಯಬೇಕು ಅಂತ ಬರೆಯಿರಿ. ಫೋನಿನಲ್ಲಿ ನಿಲುವಾಗಿ ತೆಗೆದ ಫೋಟೊ 3024×4032 ಇದೆ ಅಂದುಕೊಳ್ಳಿ. ಅದನ್ನು ನಡುವಿಗೆ ಚೌಕ ಮಾಡಿದರೆ ಮೇಲೆ 504, ಕೆಳಗೆ 504 ಪಿಕ್ಸೆಲ್ ಹೋಗುತ್ತದೆ. ಪ್ಯಾಂಟು ಫೋಟೊ ತುಂಬ ಇದ್ದರೆ ಸೊಂಟಪಟ್ಟಿಯ ಗುಂಡಿಯೂ ಹೋಯಿತು, ಬಾಟಮ್ಮೂ ಹೋಯಿತು. ಕೊಳ್ಳುವವರು ಮೊದಲು ನೋಡುವುದು ಅವೆರಡನ್ನೇ. ಹಾಗಾಗಿ 'ಚೌಕಟ್ಟು 3:4. ಸೊಂಟಪಟ್ಟಿಯ ಮೇಲೂ ಬಾಟಮ್ಮಿನ ಕೆಳಗೂ 400 ಪಿಕ್ಸೆಲ್ ಖಾಲಿ ಬಿಡಿ' ಅಂತ ಬರೆದರೆ ಬಟ್ಟೆಯ ಮಾತಿನ ಜೊತೆ ಕಲಸುವುದಿಲ್ಲ.

ದರದ ವಿಷಯದಲ್ಲಿ ರಾಯಚೂರಿನವರು ಹೇಳಿದ್ದು ಅರ್ಧ ಸರಿ. ಬಲಕ್ಕೆ ಸರಿಸಿದ ಮೇಲೂ 485ರ ಕೆಳಗೆ 192.50 ಬಂದರೆ, 5ರ ಕೆಳಗೆ ಪೈಸೆಯ ಸೊನ್ನೆ ಕೂರುತ್ತದೆ. ಒಂದಕ್ಕೆ ಪೈಸೆ ಇದ್ದರೆ ಎಲ್ಲದಕ್ಕೂ ಬರಲಿ: 485.00. '+ ಜಿಎಸ್‌ಟಿ' ಒಂದೆರಡು ದರದ ಮುಂದೆ ಮಾತ್ರ ಸೇರಿದರೂ ಇದೇ ಗತಿ, ಅದನ್ನು ತಲೆಬರಹಕ್ಕೆ ಒಯ್ಯಿರಿ. ಇನ್ನು ಕೆಲವು ಫಾಂಟುಗಳಲ್ಲಿ 1 ಕಿರಿದು, 8 ಅಗಲ. ಆಗ 1,111 ಮತ್ತು 888 ಸ್ಥಾನ ತಪ್ಪುತ್ತವೆ. ಪುಟ ಕಟ್ಟುವವರು ಇಷ್ಟು ಸೇರಿಸಬೇಕು:

```
td.dara {
  text-align: right;
  font-variant-numeric: tabular-nums;
}
```

ಫಾಂಟಿನಲ್ಲೇ ಸಮ ಅಗಲದ ಅಂಕಿಗಳಿಲ್ಲದಿದ್ದರೆ tabular-nums ಇರುವ ಸಾಲಿನಿಂದ ಏನೂ ಬದಲಾಗುವುದಿಲ್ಲ, ಫಾಂಟನ್ನೇ ಬದಲಿಸಬೇಕು. ಸೂಚನೆಗೆ ನನ್ನ ಮಾತು: 'ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು'. ಕೂಡುವ ಲೆಕ್ಕ ಕಲಿತವರೆಲ್ಲರಿಗೂ ಅದು ಗೊತ್ತು. 'ಸಾಲು' ಅಂದರೆ ಅಡ್ಡವೋ ಉದ್ದವೋ ತಿಳಿಯುವುದಿಲ್ಲ.

ಕೊಪ್ಪಳದಿಂದ:
ನಮ್ಮದು ಕಿನ್ನಾಳದ ಗೊಂಬೆಗಳ ಪುಟ. ಎಲ್ಲ ಫೋಟೊ ಒಂದೇ ಚೌಕಟ್ಟಿಗೆ ತುಂಬಿಸಿದರೆ ನಾಲ್ಕಿಂಚಿನ ಗೊಂಬೆಯೂ ಒಂದಡಿಯದೂ ಒಂದೇ ಎತ್ತರ ಕಾಣುತ್ತವೆ, ಗಿರಾಕಿ ದರ ನೋಡಿ ತಕರಾರು ತೆಗೆಯುತ್ತಾರೆ. ಇದಕ್ಕೇನು ಮಾಡುವುದು?

ಗಂಗಾವತಿಯಿಂದ:
ವಿವರದ ಪಟ್ಟಿಯಲ್ಲಿ 'ಎತ್ತರ, ಇಂಚು' ಮೊದಲನೆಯದಾಗಿ ಬರಲಿ. ಅಳತೆಯ ಹೆಸರು ತಲೆಬರಹದಲ್ಲಿ, ಮನೆಗಳಲ್ಲಿ ಬರೀ ಅಂಕಿ. ಫೋಟೊದಲ್ಲೇ ಗಾತ್ರ ತೋರಿಸಬೇಕೆಂದರೆ ಎಲ್ಲವನ್ನೂ ಒಂದೇ ದೂರದಿಂದ ತೆಗೆಯಬೇಕು, ಆಗ ಚಿಕ್ಕ ಗೊಂಬೆಯ ಬಣ್ಣಗೆಲಸ ಕಾಣುವುದಿಲ್ಲ.

ಬಳ್ಳಾರಿಯಿಂದ:
'ಬಿಡಿಯ ಕೆಳಗೆ ಬಿಡಿ' ತೆಗೆದುಕೊಂಡೆ. ಮಕ್ಕಳ ಪ್ಯಾಂಟಿಗೂ ಈ 400ರ ಲೆಕ್ಕವೇ ಹಾಕಿದರೆ ಕೊಪ್ಪಳದವರ ತಕರಾರು ನಮಗೂ ಬರುತ್ತದೆ. ಅವಕ್ಕೆ ಬೇರೆ ಚೌಕಟ್ಟೋ, ಬೇರೆ ಪುಟವೋ, ಯಾರಾದರೂ ಹೇಳಿ.